ಮೂವತ್ತೊಂದನೇ ಉಲ್ಲೇಖದ ಹೆಸರು

ಆಫೀಸಿನಲ್ಲಿ ಅವಳಿಗೆ ಕತ್ತರಿ ಅಕ್ಕ ಎಂದು ಹೆಸರು. ಬೆನ್ನ ಹಿಂದೆ ಇಟ್ಟ ಹೆಸರಲ್ಲ, ಎದುರಿಗೇ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು. ವಿಜ್ಞಾನದ ನಿಯತಕಾಲಿಕಗಳನ್ನು ತಿದ್ದಿ, ಪುಟ ಕಟ್ಟಿ, ಪ್ರಕಟಣೆಗೆ ಸಿದ್ಧ ಮಾಡಿಕೊಡುವ ಆಫೀಸು ಅದು. ಸಂಶೋಧಕರು ಲೇಖನ ಕಳಿಸುತ್ತಾರೆ. ಲೇಖನದ ಕೊನೆಗೆ, ನಾವು ಇಂಥಿಂಥವರ ಕೆಲಸದಿಂದ ಇಂಥಿಂಥದ್ದು ತೆಗೆದುಕೊಂಡಿದ್ದೇವೆ ಎಂದು ಉಲ್ಲೇಖಗಳ ಪಟ್ಟಿ ಕೊಡುತ್ತಾರೆ. ಅದನ್ನು ಒಂದೊಂದಾಗಿ ಹಿಡಿದು, ಹೆಸರು ಸರಿಯೇ, ವರ್ಷ ಸರಿಯೇ, ಅಂಥದ್ದೊಂದು ಲೇಖನ ಭೂಮಿಯ ಮೇಲೆ ಇದೆಯೇ ಎಂದು ನೋಡುವುದು ಅವಳ ಕೆಲಸ. ಇಲ್ಲದ್ದನ್ನು ಮುಲಾಜಿಲ್ಲದೆ ಕತ್ತರಿಸುತ್ತಿದ್ದಳು. ಹೆಸರು ಬಂದದ್ದು ಹಾಗೆ.

ಗಂಡ ಹೋಗಿ ವರ್ಷದ ಮೇಲಾಗಿತ್ತು. ಎದೆನೋವು ಎಂದು ಆಸ್ಪತ್ರೆಗೆ ತನ್ನ ಕಾಲ ಮೇಲೇ ನಡೆದು ಹೋದವನು ವಾಪಸು ಬರಲಿಲ್ಲ, ಅಷ್ಟೇ ಕಥೆ. ಅವಳು ಅಳಲಿಲ್ಲ. ಜನ ಒಂದಿಷ್ಟು ದಿನ ಕಾದರು, ಈಗ ಅಳುತ್ತಾಳೆ, ಇನ್ನೇನು ಅಳುತ್ತಾಳೆ ಅಂತ. ಕೊನೆಗೆ ಅವರಿಗೇ ಸಾಕಾಗಿ, ಗಟ್ಟಿ ಹೆಂಗಸು ಎಂದು ಹೇಳಿ ತಮ್ಮ ತಮ್ಮ ಮನೆಗೆ ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇರುತ್ತದಲ್ಲ, ಮುಟ್ಟಿದರೆ ಇದೆ, ಆದರೆ ನಮ್ಮದಲ್ಲ, ಇಡೀ ಮೈ ಹಾಗಾಗಿತ್ತು ಅವಳಿಗೆ. ಆಫೀಸಿನವರು ಸಂತಾಪ ಸೂಚಿಸಿ ಕಳಿಸಿದ ಪತ್ರದಲ್ಲಿ ಒಂದು ಅಲ್ಪವಿರಾಮ ತಪ್ಪು ಜಾಗದಲ್ಲಿ ಬಿದ್ದಿತ್ತು. ಮೂರು ಸಾಲಿನ ಆ ಪತ್ರದಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಅದೊಂದೇ.

ಬೆಳಿಗ್ಗೆ ಏಳುತ್ತಿದ್ದಳು, ಅತ್ತೆಗೆ ತಿಂಡಿ ಮಾಡಿಟ್ಟು ಬಸ್ಸು ಹಿಡಿಯುತ್ತಿದ್ದಳು, ಸಂಜೆ ಬರುತ್ತಿದ್ದಳು. ಮನೆಯಲ್ಲಿ ಅವರಿಬ್ಬರೇ. ಅತ್ತೆ ಬಾಯಿ ಜೋರಿನ ಹೆಂಗಸು, ಮಗ ಹೋದ ಮೇಲೆ ಆ ಬಾಯಿಯೂ ಅರ್ಧ ಮುಚ್ಚಿಕೊಂಡಿತ್ತು. ಇಬ್ಬರೂ ಒಬ್ಬರ ಕಾಲಿಗೆ ಒಬ್ಬರು ಅಡ್ಡ ಬರದಂತೆ ಓಡಾಡಿಕೊಂಡಿದ್ದರು. ಜಗಳವೂ ಇಲ್ಲ, ಮಾತೂ ಇಲ್ಲ.

ಹೀಗಿರುವಾಗ ಒಂದು ಲೇಖನ ಬಂತು. ಬೀದಿ ಬದಿಯ ಮರಗಳು ಎಷ್ಟು ಇಂಗಾಲ ಹಿಡಿದಿಟ್ಟುಕೊಳ್ಳುತ್ತವೆ ಎಂದು ಲೆಕ್ಕ ಹಾಕಿದ ಲೇಖನ. ಮರದ ಎತ್ತರ, ಸುತ್ತಳತೆ ಬರೆದವರೇ ಅಳೆದಿದ್ದರು. ಆದರೆ ಯಾವ ಮರದ ಕಟ್ಟಿಗೆ ಎಷ್ಟು ಭಾರ, ಅಂದರೆ ಅದರ ಸಾಂದ್ರತೆ ಎಷ್ಟು, ಅನ್ನುವ ಅಂಕಿಗಳನ್ನು ಬೇರೆಲ್ಲಿಂದಲೋ ತಂದುಕೊಂಡಿದ್ದರು. 'ಸಾಂದ್ರತೆಯ ಅಂಕಿಗಳಿಗೆ ನೋಡಿ: 31' ಎಂದು ಬರೆದಿದ್ದರು. ಅವಳು ಪಟ್ಟಿಗೆ ಇಳಿದು ಮೂವತ್ತೊಂದನ್ನು ನೋಡಿದಳು.

ಲೇಖಕರ ಜಾಗದಲ್ಲಿ ಅವಳ ಗಂಡನ ಹೆಸರಿತ್ತು.

ಪೂರ್ತಿ ಹೆಸರು. ಅದರ ಮುಂದೆ ಶೀರ್ಷಿಕೆ ಇರಬೇಕಾದ ಕಡೆ 'ಸಾಂದ್ರತೆ ಕೊನೆಯದು ನಿಜವಾಗಿ ಕೊನೆಯದು 2' ಎಂದಿತ್ತು. ಅದರ ಮುಂದೆ ಒಂದು ಉದ್ದನೆಯ ವೆಬ್ ಕೊಂಡಿ, ನೇರವಾಗಿ ಒಂದು ಪಿಡಿಎಫ್ ಕಡತಕ್ಕೆ ಹೋಗುವಂಥದ್ದು. ಬೇರೇನೂ ಇಲ್ಲ. ಯಾವ ಪತ್ರಿಕೆ, ಯಾವ ಸಂಪುಟ, ಏನೂ ಇಲ್ಲ.

ಹೀಗೆ ಹೇಗಾಯಿತು ಅಂತ ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಂಡ ಒಂದು ಸಂಶೋಧನಾಲಯದಲ್ಲಿ ತಂತ್ರಜ್ಞನಾಗಿದ್ದ. ಕಟ್ಟಿಗೆಯ ತುಂಡು ಕತ್ತರಿಸುವುದು, ಒಣಗಿಸುವುದು, ತೂಗುವುದು. ಎಲ್ಲರೂ ತೂಕದಣ್ಣ ಅನ್ನುತ್ತಿದ್ದರು. ಅಲ್ಲಿನ ಪ್ರೊಫೆಸರ್ ಮೇಡಂ ಮತ್ತು ಅವರ ಜೊತೆಯವರು, ನೆರಳಿನಲ್ಲಿ ಬೆಳೆಯುವ ಮರಗಳ ಬಗ್ಗೆ ಒಂದು ಲೇಖನ ಬರೆದರು. ಎಲ್ಲ ತೂಕಗಳನ್ನೂ ಲೇಖನದೊಳಗೆ ತುರುಕಲಾಗುತ್ತದೆಯೇ? ಹಾಗಾಗಿ ಅವನ್ನು ಪೂರಕ ಕಡತ ಎಂದು ಬೇರೆ ಮಾಡಿ ಲೇಖನದ ಜೊತೆಗೆ ಇಟ್ಟರು. ಆ ಅಂಕಿಗಳ ಪಟ್ಟಿಗೆ ಕೋಷ್ಟಕ ಎಸ್2 ಎಂದು ಹೆಸರು. ಸಂಶೋಧನಾಲಯದ ಕಂಪ್ಯೂಟರು ಯಾವಾಗಲೂ ಯಾರದೋ ಕೈಯಲ್ಲಿರುತ್ತಿತ್ತು ಅಂತ ಗಂಡ ತೂಕ, ಸಾಂದ್ರತೆ ಬರೆದ ಚೀಟಿಗಳನ್ನು ಮನೆಗೆ ತಂದು, ಭಾನುವಾರ ಮಧ್ಯಾಹ್ನಗಳಲ್ಲಿ ಊಟದ ಮೇಜಿನ ಮೇಲೆ ತನ್ನದೇ ಕಂಪ್ಯೂಟರಿನಲ್ಲಿ ಟೈಪು ಮಾಡಿದ. ಓದಿ ಹೇಳಿದ್ದು ಇವಳು. 'ಸೊನ್ನೆ ಬಿಂದು ಐದು ಎಂಟು' ಅನ್ನುವಳು, ಅವನು 'ಹೂಂ' ಅನ್ನುವನು. ಕಂಪ್ಯೂಟರು ಯಾರ ಹೆಸರಿನಲ್ಲಿದೆಯೋ ಅವರ ಹೆಸರನ್ನು ಕಡತದ ಹೊಟ್ಟೆಯೊಳಗೆ ಗುಟ್ಟಾಗಿ ಬರೆದುಕೊಂಡಿರುತ್ತದೆ. ಓದುವವರ ಕಣ್ಣಿಗೆ ಅದು ಬೀಳುವುದಿಲ್ಲ. ಈ ಬೀದಿ ಮರದ ಲೇಖಕರು ಪೂರಕ ಕಡತವನ್ನು ಮಾತ್ರ ಇಳಿಸಿಕೊಂಡು, ಉಲ್ಲೇಖ ಜೋಡಿಸಿಕೊಡುವ ತಂತ್ರಾಂಶದೊಳಗೆ ಹಾಕಿದ್ದಾರೆ. ಅದಕ್ಕೇನು ಗೊತ್ತು ಪಾಪ, ಹೊಟ್ಟೆಯೊಳಗಿದ್ದ ಹೆಸರನ್ನು ಲೇಖಕ ಅಂತ ಹಿಡಿದಿದೆ, ಕಡತದ ಹೆಸರನ್ನು ಶೀರ್ಷಿಕೆ ಅಂತ ಹಿಡಿದಿದೆ. ಅವರೂ ಕಣ್ಣು ಮುಚ್ಚಿಕೊಂಡು ಕಳಿಸಿದ್ದಾರೆ.

ತಪ್ಪು ಏನು ಅಂತ ಅವಳಿಗೆ ಗೊತ್ತಿತ್ತು, ಸರಿ ಏನು ಅಂತಲೂ ಗೊತ್ತಿತ್ತು. ಪೂರಕ ಕಡತ ಬೇರೆ ಕೃತಿಯಲ್ಲ, ಲೇಖನದ ಬಾಲ. ಅಂಕಿಗಳನ್ನು ಮಾತ್ರ ಬಳಸಿದ್ದರೂ ಪಟ್ಟಿಯಲ್ಲಿ ಬರಬೇಕಾದ್ದು ಮೂಲ ಲೇಖನ, ಅದರ ಲೇಖಕರ ಹೆಸರುಗಳು, ಅದರ ಡಿಒಐ, ಅಂದರೆ ಲೇಖನಕ್ಕೆ ಕೊಟ್ಟ ಕಾಯಂ ಗುರುತಿನ ಸಂಖ್ಯೆ. ಪಠ್ಯದೊಳಗೆ ಆ ಉಲ್ಲೇಖದ ಪಕ್ಕ 'ಪೂರಕ ಕೋಷ್ಟಕ ಎಸ್2' ಎಂದು ಬೆರಳು ತೋರಿಸಿದರೆ ಮುಗಿಯಿತು. ಇದನ್ನು ಅವಳು ನೂರಾರು ಸಲ ಮಾಡಿದ್ದಳು, ನಿದ್ದೆಗಣ್ಣಿನಲ್ಲೂ ಮಾಡುತ್ತಿದ್ದಳು.

ಮೂಲ ಲೇಖನದಲ್ಲಿ ಗಂಡನ ಹೆಸರು ಇರಲಿಲ್ಲ. ಲೇಖಕರ ಸಾಲಿನಲ್ಲಿ ಐದು ಜನ, ಅವನಿಲ್ಲ. ಕೊನೆಯ ಧನ್ಯವಾದದಲ್ಲಿ 'ಪ್ರಯೋಗಾಲಯದ ಸಿಬ್ಬಂದಿಗೆ' ಎಂದು ಒಂದು ಮಾತು. ಇಡೀ ಜನ್ಮದಲ್ಲಿ ಅವನ ಹೆಸರು ಎಲ್ಲೂ ಪ್ರಕಟವಾಗಿರಲಿಲ್ಲ. ಇಗೋ, ಇಲ್ಲಿ ಬಂದಿತ್ತು, ಲೇಖಕನ ಜಾಗದಲ್ಲೇ, ತಪ್ಪಿ.

ಅವಳು ಮೂವತ್ತೆರಡನೇ ಉಲ್ಲೇಖಕ್ಕೆ ಹೋದಳು. ಅಲ್ಲೊಂದು ವರ್ಷ ತಪ್ಪಾಗಿತ್ತು, ತಿದ್ದಿದಳು. ಪಟ್ಟಿ ಮುಗಿಸಿ, ಪರಿಶೀಲಿಸಿದೆ ಎಂದು ಗುರುತು ಹಾಕಿ, ಪುಟ ಕಟ್ಟುವವರ ಕಡೆಗೆ ಕಳಿಸಿಬಿಟ್ಟಳು. ಮೂವತ್ತೊಂದನ್ನು ಮುಟ್ಟಲಿಲ್ಲ. ಧೈರ್ಯ ಮಾಡಿದೆ ಅಂತಲೂ ಅನ್ನಿಸಲಿಲ್ಲ, ಕಳ್ಳತನ ಮಾಡಿದೆ ಅಂತಲೂ ಅನ್ನಿಸಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದಳು.

ಅದನ್ನು ಮನೆಯಲ್ಲಿ ಹೇಳಬಾರದಿತ್ತು. ಹೇಳಿದಳು. ಸಂಜೆ ಅತ್ತೆ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದರು, ಏನೋ ಒಂದು ಮಾತಾಡಬೇಕಲ್ಲ ಅಂತ ಬಾಯಿಗೆ ಬಂತು.

"ಅತ್ತೆ, ಇವತ್ತು ಬಂದ ಒಂದು ಲೇಖನದಲ್ಲಿ ಅವರ ಹೆಸರಿತ್ತು."

"ಯಾರದ್ದು?"

"ಅವರದ್ದೇ."

ಅತ್ತೆ ಮಡಿಸುತ್ತಿದ್ದ ಟವೆಲನ್ನು ತೊಡೆಯ ಮೇಲೆ ಇಟ್ಟುಕೊಂಡರು. "ಸತ್ತೋರ ಸುದ್ದಿ ಹಾಕಿದ್ದಾರಾ?"

"ಅಲ್ಲ. ಅವರು ತೂಗಿದ್ದ ಅಂಕಿಗಳನ್ನ ಯಾರೋ ಬಳಸಿಕೊಂಡಿದ್ದಾರೆ. ಇಂಥವರಿಂದ ತಗೊಂಡ್ವಿ ಅಂತ ಹೆಸರು ಹಾಕಿದ್ದಾರೆ."

"ನನ್ನ ಮಗನಿಂದ ತಗೊಂಡ್ವಿ ಅಂತ?"

"ಹೂಂ."

ಸರಿ, ಮುಗಿದೇ ಹೋಯಿತು. ಅರ್ಧ ಮುಚ್ಚಿಕೊಂಡಿದ್ದ ಬಾಯಿ ಪೂರ್ತಿ ತೆರೆದುಕೊಂಡಿತು. ಅತ್ತೆ ಫೋನು ಹಿಡಿದು ಮೊದಲು ತಂಗಿಗೆ, ಆಮೇಲೆ ತಮ್ಮನಿಗೆ, ಆಮೇಲೆ ಮಾತು ಬಿಟ್ಟಿದ್ದ ನಾದಿನಿಗೂ ಹೇಳಿದರು. "ನಮ್ಮ ಹುಡುಗನ ಹೆಸರು ಬಂದಿದೆ ಕಣೇ, ದೊಡ್ಡ ಪತ್ರಿಕೇಲಿ. ಹೂಂ, ಸುಮ್ನೆ ಅಲ್ಲ, ಅವನೇ ಬರೆದದ್ದು ಅಂತ ಹಾಕಿದ್ದಾರೆ. ನೀವೆಲ್ಲ ಕಟ್ಟಿಗೆ ತೂಗೋ ಕೆಲಸ ಅಂತಿದ್ರಲ್ಲ." ಅವಳು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡಳು. ಅತ್ತೆ ಅಷ್ಟು ಜೋರಾಗಿ ಮಾತಾಡಿ ಎಷ್ಟು ಕಾಲವಾಗಿತ್ತು! ಆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಂಡರು.

ಒಂದು ವಾರ ಕಳೆದಿರಬೇಕು. ಪುಟ ಕಟ್ಟುವವನು ಅವಳ ಮೇಜಿನ ಹತ್ತಿರ ಬಂದು, ಪಕ್ಕದ ಕುರ್ಚಿ ಎಳೆದುಕೊಂಡು ಕೂತ. ಅವಳ ಓರಗೆಯವನೇ, ಆದರೂ ಅಕ್ಕ ಅನ್ನುತ್ತಿದ್ದ. ವಾಚಾಳಿ ಮನುಷ್ಯ.

"ಏನಕ್ಕಾ, ಕತ್ತರಿ ಸಾಣೆ ಹಿಡಿಸಬೇಕಾ ಹೇಗೆ?"

"ಯಾಕೆ?"

"ಬೀದಿ ಮರದ ಲೇಖನ. ಪುಟ ಕಟ್ಟಿ, ಉಲ್ಲೇಖಗಳನ್ನ ಯಂತ್ರಕ್ಕೆ ಹಾಕಿ ಡಿಒಐ ತಾಳೆ ನೋಡಿದೆ. ಎಲ್ಲ ಹಸಿರು ಬಂತು, ಮೂವತ್ತೊಂದು ಮಾತ್ರ ಕೆಂಪು. ಇಂಥ ಕೃತಿಯೇ ಇಲ್ಲ ಅಂತಿದೆ. ಶೀರ್ಷಿಕೆ ನೋಡಿದ್ರಾ? ನಿಜವಾಗಿ ಕೊನೆಯದು ಎರಡು!" ಅವನಿಗೆ ನಗು ತಡೆಯಲಾಗಲಿಲ್ಲ. "ಕೊನೆಯದು ಅಂದ ಮೇಲೆ ಎರಡು ಎಲ್ಲಿಂದ ಬಂತು ಅಂತೀನಿ. ಕೊಂಡಿ ಒತ್ತಿದ್ರೆ ಅದೂ ತೆರೀತಿಲ್ಲ, ಆ ಪತ್ರಿಕೆಯವರು ವೆಬ್‌ಸೈಟ್ ಬದಲಾಯಿಸಿದ್ದಾರೆ. ಇದನ್ನ ಹೇಗೆ ಬಿಟ್ರಿ ನೀವು? ಯಾರಕ್ಕಾ ಈ ಆಸಾಮಿ?"

"ನಮ್ಮನೆಯವರು," ಅಂದಳು.

ಅವನ ನಗು ಮುಖದ ಮೇಲೇ ನಿಂತುಬಿಟ್ಟಿತು. ಅದನ್ನು ಒಳಗೆ ಎಳೆದುಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ತಪ್ಪಾಯ್ತು ಅಕ್ಕ. ನಂಗೆ ಅವರ ಪೂರ್ತಿ ಹೆಸರು ಗೊತ್ತಿರಲಿಲ್ಲ."

"ಯಾರಿಗೂ ಗೊತ್ತಿರಲಿಲ್ಲ. ಪರವಾಗಿಲ್ಲ."

ಅವಳು ಕಡತ ಹೇಗಾಯಿತು, ಹೆಸರು ಹೇಗೆ ಬಂತು ಎಲ್ಲ ಹೇಳಿದಳು. ಬೇರೆ ಯಾರದೋ ಲೇಖನದ ವಿಷಯ ಹೇಳಿದ ಹಾಗೆ ಹೇಳಿದಳು, ದನಿ ಒಂದಿಷ್ಟೂ ಮೇಲೆ ಕೆಳಗೆ ಆಗಲಿಲ್ಲ. ಅವನು ತಲೆ ಬಗ್ಗಿಸಿಕೊಂಡು ಕೇಳಿದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಇರ್ಲಿ ಬಿಡಿ ಅಕ್ಕ. ಕೆಂಪು ಬಂದ್ರೆ ಬರ್ಲಿ, ಡಿಒಐ ಇಲ್ಲದ ಹಳೇ ವರದಿಗಳಿಗೂ ಕೆಂಪು ಬರುತ್ತಲ್ಲ. ನಾನು 'ಸರಿ ಇದೆ' ಅಂತ ಒತ್ತಿಬಿಡ್ತೀನಿ. ಯಾರು ನೋಡ್ತಾರೆ ಮೂವತ್ತೊಂದನೇದ್ದನ್ನ?"

ಒತ್ತಿಬಿಡು ಎಂದು ಅವಳ ತುಟಿಯವರೆಗೂ ಬಂದಿತ್ತು. ಅತ್ತೆ ಎರಡನೇ ಸಲ ಅನ್ನ ಹಾಕಿಸಿಕೊಂಡದ್ದು ಕಣ್ಣ ಮುಂದೆ ಬಂತು.

"ಒಂದು ಗಳಿಗೆ ಇರು," ಅಂದಳು.

ಗಂಡನ ಮೇಡಂ ಬರೆದ ಲೇಖನದಲ್ಲಿ ಅವನ ಹೆಸರಿದೆಯೇ ಎಂದು ಮೊದಲು ಕೊನೆ ನೋಡಿದ್ದಳೇ ಹೊರತು, ಅವಳು ಅದನ್ನು ಈವರೆಗೆ ಓದಿರಲಿಲ್ಲ. ಯಾಕೆ ಓದಬೇಕು, ಅವನ ಹೆಸರೇ ಇರಲಿಲ್ಲವಲ್ಲ. ಈಗ ತೆರೆದಳು. ಪೂರಕ ಕಡತವೂ ಹೊಸ ವೆಬ್‌ಸೈಟಿನಲ್ಲಿ, ಲೇಖನದ ಪುಟದಲ್ಲೇ ಸಿಕ್ಕಿತು. ಮೊದಲು ಕೋಷ್ಟಕ. ಒಂದು ಕಡೆ ಮರದ ಹೆಸರು, ಎದುರಿಗೆ ಅಂಕಿ. ಸೊನ್ನೆ ಬಿಂದು ಐದು ಎಂಟು. ಅಷ್ಟೇ. ಕಟ್ಟಿಗೆಯನ್ನು ಹಸಿಯಾಗಿದ್ದಾಗ ತೂಗಿದ್ದೋ, ಒಣಗಿದ ಮೇಲೋ? ಗಾತ್ರ ತೆಗೆದುಕೊಂಡದ್ದು ಹಸಿಯದ್ದೋ, ಒಣಗಿ ಕುಗ್ಗಿದ್ದೋ? ಕೋಷ್ಟಕದಲ್ಲಿ ಒಂದಕ್ಕೂ ಉತ್ತರವಿಲ್ಲ. ಅದು ಗೊತ್ತಿಲ್ಲದೆ ಆ ಅಂಕಿಯನ್ನು ಇಟ್ಟುಕೊಂಡು ಏನು ಮಾಡುವುದು? ಒಬ್ಬೊಬ್ಬರು ಒಂದೊಂದು ತರ ಅಳೆಯುತ್ತಾರೆ, ಅಂಕಿಯೂ ಬೇರೆ ಬೇರೆ ಬರುತ್ತದೆ.

ಉತ್ತರ ಇದ್ದದ್ದು ಲೇಖನದ ಒಳಗೆ, ವಿಧಾನ ಎಂಬ ಭಾಗದಲ್ಲಿ. ತುಂಡುಗಳನ್ನು ಹಸಿಯಾಗಿದ್ದಾಗಲೇ ನೀರಿನಲ್ಲಿ ಮುಳುಗಿಸಿ ಗಾತ್ರ ಅಳೆಯಲಾಯಿತು. ನೂರಮೂರು ಡಿಗ್ರಿಯ ಒಣಗಿಸುವ ಪೆಟ್ಟಿಗೆಯಲ್ಲಿ, ತೂಕ ಇನ್ನು ಇಳಿಯುವುದಿಲ್ಲ ಎನ್ನುವವರೆಗೆ ಒಣಗಿಸಲಾಯಿತು. ಪ್ರತಿ ತುಂಡನ್ನೂ ಮತ್ತೊಮ್ಮೆ ತೂಗಲಾಯಿತು. ಎರಡು ತೂಕ ಹೊಂದದ ತುಂಡನ್ನು ಕೈಬಿಟ್ಟು ಹೊಸದನ್ನು ಕತ್ತರಿಸಲಾಯಿತು.

ಅವಳು ಆ ನಾಲ್ಕು ಸಾಲನ್ನು ಮತ್ತೆ ಓದಿದಳು. ಯಾರು ಮಾಡಿದರು ಅಂತ ಎಲ್ಲೂ ಇಲ್ಲ. ಆದರೆ ಮಾಡಿದ್ದೆಲ್ಲ ಇಲ್ಲೇ ಇದೆ. ಮನೆಗೆ ತಡವಾಗಿ ಬಂದು, ಇನ್ನೂ ಇಳೀತಾ ಇತ್ತು ಕಣೇ ತೂಕ, ಬಿಟ್ಟು ಹೇಗೆ ಬರ್ಲಿ, ಅಂತ ಬೈಸಿಕೊಳ್ಳುತ್ತಿದ್ದ ಮನುಷ್ಯ. ಕಿವಿಯ ಹಿಂದೆ ಮರದ ಹೊಟ್ಟು ಅಂಟಿರುತ್ತಿತ್ತು.

"ತೆಗೀಬೇಕು," ಅಂದಳು.

"ಅಕ್ಕ..."

"ಇಲ್ಲ, ತೆಗೀಬೇಕು. ಈ ಲೇಖನ ಓದಿದವರು ಅಂಕಿ ಎಲ್ಲಿಂದ ಬಂತು ಅಂತ ಹುಡುಕಿದ್ರೆ ಇವರ ಹೆಸರು ಹಿಡಿದು ಎಲ್ಲಿಗೆ ಹೋಗ್ತಾರೆ? ಕೊಂಡಿನೂ ಸತ್ತಿದೆ. ಇವರ ಹೆಸರಿಟ್ಕೊಂಡು ಇವರ ಕೆಲಸಾನೇ ಸಿಗದ ಹಾಗೆ ಮಾಡಿದಂಗಾಗುತ್ತೆ."

ಅವನು ತಲೆ ಕೆರೆದುಕೊಂಡ. "ಇನ್ನೊಂದು ದಾರಿ ಇದೆಯಲ್ಲ. ಆ ಅಂಕಿಗಳನ್ನ ಬೇರೆಯಾಗಿ ದತ್ತಾಂಶ ಭಂಡಾರದಲ್ಲಿ ಇಟ್ರೆ, ಅದಕ್ಕೇ ಒಂದು ಡಿಒಐ ಸಿಗುತ್ತೆ. ಅಲ್ಲಿ ಇವರನ್ನ ಕರ್ತೃ ಅಂತ ಹಾಕ್ಬಹುದು. ಆಗ ಅದನ್ನೇ ಉಲ್ಲೇಖ ಮಾಡ್ಬಹುದು, ಲೇಖನದ ಹಂಗಿಲ್ಲ."

"ಹೌದು. ಆದ್ರೆ ಬೀದಿ ಮರದವರು ಬಳಸಿದ್ದು ಅದನ್ನಲ್ಲವಲ್ಲ. ಅವರು ತಗೊಂಡಿದ್ದು ಲೇಖನದ ಎಸ್2ನ. ಯಾವುದನ್ನ ಬಳಸಿದ್ರೋ ಅದನ್ನೇ ಹೇಳ್ಬೇಕು. ನಾಳೆ ಹುಟ್ಟೋ ಕೂಸಿನ ಹೆಸರಲ್ಲಿ ಇವತ್ತು ರಸೀದಿ ಬರೆಯೋಕಾಗುತ್ತಾ?"

ಅವನು ಒಪ್ಪಿದ. ನಾನೇ ತೆಗೀಲಾ ಎಂದು ಕೇಳಿದ, ಬೇಡ ಎಂದಳು. ಲೇಖಕರನ್ನು ಕೇಳದೆ ತೆಗೆಯುವ ಹಾಗಿಲ್ಲ ಎಂದು ಪ್ರಶ್ನೆ ಬರೆದಳು. ಆಫೀಸಿನಲ್ಲಿ ಅದಕ್ಕೆ ಬರೆದಿಟ್ಟ ಒಂದು ವಾಕ್ಯವೇ ಇತ್ತು, ಅದನ್ನೇ ಹಾಕಿದಳು. ಉಲ್ಲೇಖ 31ರಲ್ಲಿ ಹೆಸರಿಸಿದ ವ್ಯಕ್ತಿ ಸದರಿ ಕೃತಿಯ ಲೇಖಕರಲ್ಲ, ಪೂರಕ ಕಡತದ ಬದಲು ಮೂಲ ಲೇಖನವನ್ನು ಉಲ್ಲೇಖಿಸಿ ಪಠ್ಯದಲ್ಲಿ ಕೋಷ್ಟಕದ ಸಂಖ್ಯೆ ಸೂಚಿಸಲಾಗುವುದು, ದಯವಿಟ್ಟು ದೃಢಪಡಿಸಿ.

ಮರುದಿನವೇ ಉತ್ತರ ಬಂತು. ಸಭ್ಯ ಉತ್ತರ. 'ಕ್ಷಮಿಸಿ. ಅಂಕಿಗಳನ್ನು ಮಾತ್ರ ಬಳಸಿದ್ದರಿಂದ ಕಡತವನ್ನಷ್ಟೇ ಹಾಕಿದರೆ ಸಾಕು ಎಂದುಕೊಂಡಿದ್ದೆವು. ಈ ವ್ಯಕ್ತಿ ಯಾರೆಂದು ನಮಗೆ ಗೊತ್ತಿಲ್ಲ, ತಂತ್ರಾಂಶ ತಾನಾಗಿ ಸೇರಿಸಿರಬೇಕು. ತೆಗೆದುಹಾಕಿ. ತೊಂದರೆಗೆ ವಿಷಾದಿಸುತ್ತೇವೆ.'

ಅವಳು ಹೆಸರಿನ ಮೇಲೆ ಮೌಸು ಎಳೆದಳು, ಹೆಸರು ನೀಲಿಯಾಯಿತು. ಒತ್ತಿದಳು. ಅಡ್ಡಗೆರೆ ಬಿತ್ತು, ಪಕ್ಕದಲ್ಲಿ ಅಳಿಸಿದವರು ಯಾರು ಎಂದು ಅವಳ ಹೆಸರು ಬಂತು. ಆ ಜಾಗದಲ್ಲಿ ಮೇಡಂ ಮತ್ತು ಉಳಿದವರ ಹೆಸರುಗಳು, ಲೇಖನದ ಶೀರ್ಷಿಕೆ, ಪತ್ರಿಕೆ, ಸಂಪುಟ, ಡಿಒಐ ಎಲ್ಲ ಟೈಪು ಮಾಡಿದಳು. ಪಠ್ಯಕ್ಕೆ ಹೋಗಿ 31ರ ಮುಂದೆ 'ಪೂರಕ ಕೋಷ್ಟಕ ಎಸ್2' ಎಂದು ಸೇರಿಸಿದಳು. ಈ ಸಲ ಹಸಿರು ಬಂತು. ಕಣ್ಣು ಒದ್ದೆಯಾಗಲಿಲ್ಲ. ಇಷ್ಟಾದರೂ ಏನೂ ಆಗುತ್ತಿಲ್ಲವಲ್ಲ, ನಾನು ಏನಾಗಿಬಿಟ್ಟಿದ್ದೇನೆ ಎಂದು ಸಣ್ಣಗೆ ಹೆದರಿಕೆಯಾಯಿತು, ಅದಷ್ಟೇ.

ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾದಿದ್ದರು.

"ಅದು ಬಂತೇನೇ? ನನ್ನ ತಂಗಿ ಮೊಮ್ಮಗಳು ಮೊಬೈಲಲ್ಲಿ ತೆಗೆದು ತೋರಿಸ್ತಾಳಂತೆ. ಎಲ್ಲಿ ಒತ್ತಬೇಕು ಅಂತ ಕೇಳ್ತಿದ್ದಾಳೆ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಚೀಲ ಕುರ್ಚಿಯ ಮೇಲೆ ಇಟ್ಟಳು.

"ಇಲ್ಲ ಅತ್ತೆ. ಹೆಸರು ತೆಗೆದಾಯ್ತು."

"ತೆಗೆದ್ರಾ? ಯಾವನು ತೆಗೆದಿದ್ದು?"

"ನಾನೇ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಗೋಡೆ ಹಿಡಿದುಕೊಂಡು ಮೆಲ್ಲಗೆ ಕೂತರು. ಕೂಗಾಡುತ್ತಾರೆ ಎಂದುಕೊಂಡಿದ್ದಳು, ಕೂಗಾಡಲಿಲ್ಲ.

"ನೀನೇ ತೆಗೆದ್ಯಾ. ಯಾಕಮ್ಮಾ?"

"ಅದು ತಪ್ಪು ಹಾಕಿದ್ದು ಅತ್ತೆ. ಆ ಕಡತ ಲೇಖನಕ್ಕೆ ಸೇರಿದ್ದು. ಲೇಖನ ಬರೆದವರ ಹೆಸರು ಹಾಕ್ಬೇಕು. ನಿಯಮ ಇರೋದು ಹಾಗೆ. ಅದು ಅವರದ್ದಲ್ಲ."

"ತೂಗಿದ್ದು ನನ್ನ ಮಗ."

"ಹೂಂ."

"ಇಲ್ಲೇ ಕೂತು ಬರೆದದ್ದು ನನ್ನ ಮಗ. ನೀನು ಓದ್ತಾ ಇದ್ದೆ, ನಾನು ನೋಡ್ತಾ ಇದ್ದೆ. ಅವನದ್ದಲ್ಲ ಅಂದ್ರೆ ಇನ್ಯಾರದ್ದೇ?"

ನಿಯಮ ಅವಳ ನಾಲಿಗೆ ಮೇಲೇ ಇತ್ತು. ಅದನ್ನು ಅಲ್ಲೇ ಬಿಟ್ಟಳು. ಅತ್ತೆಯ ಎದುರು ನೆಲದ ಮೇಲೆ ಕೂತಳು.

"ಅವರದ್ದೇ," ಅಂದಳು. "ಅವರದ್ದೇ ಅತ್ತೆ. ಆದ್ರೆ ಅಲ್ಲಿ ಹಾಗೆ ಬರೆಯೋಕೆ ಬರಲ್ಲ."

"ಹಾಗಾದ್ರೆ ಎಲ್ಲಿ ಬರೆಯೋಕೆ ಬರುತ್ತೆ?"

"ಬೇರೆ ಜಾಗ ಇದೆ. ಅಂಕಿಗಳನ್ನ ಮಾತ್ರ ಇಡೋ ಜಾಗ. ಅಲ್ಲಿ ಅವರ ಹೆಸರು ಹಾಕಬಹುದು. ಆಮೇಲೆ ಬಳಸಿದವರು ಅವರ ಹೆಸರನ್ನೇ ಹೇಳ್ತಾರೆ. ಆದ್ರೆ ಅದನ್ನ ಮೇಡಂ ಮಾಡ್ಬೇಕು. ಅವರನ್ನ ಕೇಳ್ಬೇಕು."

"ಕೇಳಿದ್ಯಾ?"

"ಇಲ್ಲ."

"ಇನ್ನೊಬ್ಬರ ತಪ್ಪು ಹುಡುಕೋಕೆ ಅಷ್ಟು ಚುರುಕು. ಇದನ್ನ ಕೇಳೋಕೆ ಏನು ಧಾಡಿ ನಿಂಗೆ? ಫೋನ್ ಮಾಡು. ಈಗಲೇ ಮಾಡು, ನನ್ನೆದುರಿಗೆ."

ಮಾಡಿದಳು. ಮೇಡಂ ಬೇಗನೆ ಎತ್ತಿದರು. ತೂಕದಣ್ಣನ ಹೆಂಡತಿ ಎಂದಾಗ ಆ ಕಡೆ ದನಿ ಮೆತ್ತಗಾಯಿತು, ಹೇಗಿದ್ದೀರಮ್ಮಾ ಎಂದರು. ಅವಳು ವಿಷಯಕ್ಕೇ ಬಂದಳು. ಆಫೀಸಿನ ದನಿಯಲ್ಲೇ ಹೇಳಿದಳು, ಕೋಷ್ಟಕ ಎಸ್2, ದತ್ತಾಂಶ ಭಂಡಾರ, ಬೇರೆ ಡಿಒಐ, ಕರ್ತೃವಿನ ಹೆಸರು. ಅತ್ತೆ ಅವಳ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದರು.

ಮೇಡಂ ಪೂರ್ತಿ ಕೇಳಿಸಿಕೊಂಡು ಹೇಳಿದರು. "ಇಷ್ಟು ದಿನದಲ್ಲಿ ನಮಗೇ ಹೊಳೀಬೇಕಿತ್ತು ಅದು. ಉಳಿದವರನ್ನೂ ಒಂದು ಮಾತು ಕೇಳ್ತೀನಿ, ಯಾರೂ ಬೇಡ ಅನ್ನಲ್ಲ. ಕಾಡಿಂದ ತುಂಡು ತಂದವರು ಒಬ್ಬರಿದ್ದಾರೆ, ಅವರದ್ದೂ ಹಾಕ್ಬೇಕಾಗುತ್ತೆ."

"ಹಾಕಿ ಮೇಡಂ. ಅದು ನ್ಯಾಯ."

"ಮೊದಲ ಹೆಸರು ನಿಮ್ಮನೆಯವರದ್ದೇ ಇರ್ಲಿ." ಆ ಕಡೆ ಪೆನ್ನು ಹುಡುಕುವ ಸದ್ದಾಯಿತು. "ತಪ್ಪು ತಿಳ್ಕೋಬೇಡಿ ಅಮ್ಮಾ. ಹದಿನೈದು ವರ್ಷ ತೂಕದಣ್ಣ ತೂಕದಣ್ಣ ಅಂತಲೇ ಕರೆದ್ವಿ. ಅವರ ಪೂರ್ತಿ ಹೆಸರು ಹೇಳ್ತೀರಾ? ಬರ್ಕೋತೀನಿ."

ಅವಳು ಬಾಯಿ ತೆರೆದಳು. ಹೇಳಬೇಕಾದ್ದು ಎರಡು ಮಾತು, ಬೆಳಿಗ್ಗೆ ತಾನೇ ನೀಲಿ ಮಾಡಿ ಅಳಿಸಿದ್ದು. ಮೊದಲ ಅಕ್ಷರ ಹೊರಟಿತು, ಮುಂದಿನದು ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಅಯ್ಯೋ, ಅಂದಳು. ಅಷ್ಟೇ ಬಂದದ್ದು. ಆಮೇಲೆ ಬಂದದ್ದು ಮಾತಲ್ಲ. ಆ ಕಡೆ ಮೇಡಂ, ಅಮ್ಮಾ, ಅಮ್ಮಾ ಅನ್ನುತ್ತಿದ್ದರು, ಅವಳಿಗೆ ಉಸಿರು ಹಿಡಿದುಕೊಳ್ಳಲೂ ಆಗಲಿಲ್ಲ. ವರ್ಷದಿಂದ ಎಲ್ಲಿ ಅಡಗಿ ಕೂತಿತ್ತೋ ಆ ಅಳು. ಅವಳು ಊಟದ ಮೇಜಿನ ಕಾಲು ಹಿಡಿದುಕೊಂಡು ದನಿ ತೆಗೆದು ಅತ್ತಳು.

ಅತ್ತೆ ಅವಳ ಕೈಯಿಂದ ಫೋನು ತೆಗೆದುಕೊಂಡರು. ಇನ್ನೊಂದು ಕೈಯಿಂದ ಅವಳ ತಲೆಯನ್ನು ತಮ್ಮ ತೊಡೆಗೆ ಒತ್ತಿಕೊಂಡು, "ಬರ್ಕೊಳ್ಳಿ ಮೇಡಂ" ಎಂದು, ಮಗನ ಹೆಸರನ್ನು ಒಂದೊಂದೇ ಅಕ್ಷರವಾಗಿ, ನಿಧಾನಕ್ಕೆ ಹೇಳಿದರು.